ಬೀಗ ಹಾಕಿದೆನಾ, ಗ್ಯಾಸ್ ಬಂದ್ ಮಾಡಿದೆನಾ: ಮತ್ತೆ ಮತ್ತೆ ನೋಡುವ ಗೀಳಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿರಸಿಯಲ್ಲಿ ಮನಶ್ಶಾಸ್ತ್ರಜ್ಞೆಯಾಗಿ ಕೆಲಸ ಮಾಡುತ್ತೇನೆ. ಗೀಳು ಕಾಯಿಲೆ, ಅಂದರೆ ಓಸಿಡಿ ಇರುವವರು ಆಗಾಗ ಬರುತ್ತಾರೆ. ಅವರಲ್ಲಿ ಬೀಗ, ಗ್ಯಾಸ್, ಒಲೆ ನೋಡಿ ನೋಡಿ ಸುಸ್ತಾದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮಧ್ಯೆ ಒಬ್ಬ ಅಕ್ಕನ ಕಥೆ ಬರುತ್ತದೆ. ಅವರು ಒಪ್ಪಿದ ಮೇಲೆಯೇ ಬರೆದಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಬೀಗ ಹಾಕಿ ಎರಡು ಸಲ ಎಳೆದು ನೋಡುತ್ತೇನೆ. ಇದು ಕಾಯಿಲೆಯಾ?

ಅಲ್ಲ. ಹಾಗೆ ಎಳೆದು ನೋಡುವವರು ಊರ ತುಂಬ ಇದ್ದಾರೆ. ಮಾರಿಕಾಂಬಾ ಜಾತ್ರೆಗೆ ಹೊರಟವರಿಗೆ ಅರ್ಧ ದಾರಿಯಲ್ಲಿ "ಗ್ಯಾಸ್ ಬಂದ್ ಮಾಡಿದ್ನಾ?" ಅನ್ನಿಸುವುದು ತೀರಾ ಮಾಮೂಲಿ. ಆ ಯೋಚನೆ ಎಲ್ಲರಿಗೂ ಬರುತ್ತದೆ. ಬಂದ ಮೇಲೆ ಏನಾಗುತ್ತದೆ ಅನ್ನುವುದರಲ್ಲೇ ವ್ಯತ್ಯಾಸ.

ಹೆಚ್ಚಿನವರು "ಮಾಡಿರ್ತೇನೆ ಬಿಡು" ಎಂದು ಮುಂದೆ ಹೋಗುತ್ತಾರೆ. ಗೀಳು ಇರುವವರಿಗೆ ಮುಂದೆ ಹೋಗಲು ಆಗುವುದಿಲ್ಲ. ವಾಪಸ್ ಬರುತ್ತಾರೆ, ನೋಡುತ್ತಾರೆ, ಹೊರಡುತ್ತಾರೆ, ಮತ್ತೆ ಬರುತ್ತಾರೆ. ವೈದ್ಯರು ಸಾಮಾನ್ಯವಾಗಿ ಕೇಳುವುದು ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ ಎಂದು. ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಇದಕ್ಕೇ ಹೋಗುತ್ತಿದ್ದರೆ ಅಥವಾ ಬಸ್ಸು ತಪ್ಪುತ್ತಿದ್ದರೆ, ಕೆಲಸಕ್ಕೆ ತಡವಾಗುತ್ತಿದ್ದರೆ, ಮನೆ ಬಿಟ್ಟು ಹೋಗುವುದೇ ಬೇಡ ಅನ್ನಿಸುತ್ತಿದ್ದರೆ, ಆಗ ಅದು ಅಭ್ಯಾಸವಲ್ಲ, ಕಾಯಿಲೆ.

ಕಣ್ಣಾರೆ ನೋಡಿರುತ್ತೇನೆ. ಆದರೂ ಯಾಕೆ ನಂಬಿಕೆ ಬರುವುದಿಲ್ಲ? ನನ್ನ ನೆನಪಿನ ಶಕ್ತಿ ಕೆಟ್ಟಿದೆಯಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ಸಿಕ್ಕಿರುವ ಉತ್ತರ ನನಗೆ ಇಂದಿಗೂ ಸೋಜಿಗ.

2003ರಲ್ಲಿ ನೆದರ್ಲ್ಯಾಂಡ್ಸ್‌ನ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಯೋಗ ಮಾಡಿದರು. ಯಾವ ಗೀಳೂ ಇಲ್ಲದ ಕಾಲೇಜು ಹುಡುಗ ಹುಡುಗಿಯರನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಪರದೆಯ ಮೇಲೆ ಗ್ಯಾಸ್ ಒಲೆಯ ಚಿತ್ರ. ಒಂದಿಷ್ಟು ಬರ್ನರ್ ಹಚ್ಚಬೇಕು, ಆರಿಸಬೇಕು, ಆರಿತಾ ಎಂದು ನೋಡಬೇಕು. ಒಂದು ಗುಂಪು ಹೀಗೆ ಗ್ಯಾಸನ್ನೇ 20 ಸಲ ನೋಡಿತು. ಇನ್ನೊಂದು ಗುಂಪು ಅಷ್ಟೇ ಸಲ ದೀಪಗಳನ್ನು ನೋಡಿತು. ಕೊನೆಗೆ ಎರಡೂ ಗುಂಪಿನವರು ಒಮ್ಮೆ ಗ್ಯಾಸ್ ನೋಡಿದರು. ಆಮೇಲೆ "ಕೊನೆಯ ಸಲ ನೋಡಿದ್ದು ಯಾವ ಬರ್ನರ್?" ಎಂದು ಕೇಳಿದರು.

ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸರಿಯಾಗಿ ಹೇಳಿದರು. ನೆನಪು ಕೆಟ್ಟಿರಲಿಲ್ಲ. ಆದರೆ ಗ್ಯಾಸನ್ನೇ 20 ಸಲ ನೋಡಿದವರಿಗೆ ಆ ನೆನಪು ಮಸುಕಾಗಿತ್ತು. ಚಿತ್ರ ಸ್ಪಷ್ಟ ಇರಲಿಲ್ಲ, ತಮ್ಮ ಉತ್ತರದ ಮೇಲೆ ಅವರಿಗೇ ಭರವಸೆ ಇರಲಿಲ್ಲ. ಮೂರು ವರ್ಷದ ನಂತರ ಕೆನಡಾದಲ್ಲಿ ಆ್ಯಡಮ್ ರಾಡೊಮ್ಸ್ಕಿ ಮತ್ತು ಜೊತೆಯವರು ನಿಜವಾದ ಅಡುಗೆಮನೆ, ನಿಜವಾದ ಒಲೆ ಇಟ್ಟುಕೊಂಡು ಹೀಗೆಯೇ ಪರೀಕ್ಷಿಸಿದರು. ಅಲ್ಲೂ ನೋಡಿದಷ್ಟೂ ಭರವಸೆ ಕುಸಿಯಿತು.

ಅಂದರೆ ಅನುಮಾನ ಬಂದಿದ್ದಕ್ಕೆ ನೋಡುತ್ತೇವೆ ಅನ್ನುವುದು ಅರ್ಧ ಮಾತು. ನೋಡಿ ನೋಡಿಯೇ ಅನುಮಾನ ಬೆಳೆಯುತ್ತದೆ.

ಇದು ಯಾಕೆ ಹೀಗೆ? ನೀವು ಇವತ್ತು ಬೆಳಿಗ್ಗೆ ಒಂದೇ ಸಲ ಬೀಗ ಹಾಕಿದ್ದರೆ ಆ ಹೊತ್ತಿನ ಗುರುತು ಮನಸ್ಸಿನಲ್ಲಿ ಉಳಿಯುತ್ತದೆ. ಕೈಯಲ್ಲಿ ಛತ್ರಿ ಇತ್ತು, ನಾಯಿ ಕಾಲ ಹತ್ತಿರ ಸುಳಿಯುತ್ತಿತ್ತು, ಹೀಗೆ. ಹತ್ತು ಸಲ ಹಾಕಿ ನೋಡಿದರೆ ಆ ಹತ್ತೂ ಒಂದರ ಮೇಲೊಂದು ಕೂತು ಕಲಸಿಹೋಗುತ್ತವೆ. ಯಾವುದು ಕೊನೆಯದು ಎಂದು ಬೇರೆ ಮಾಡಲು ಆಗುವುದಿಲ್ಲ. ಒಂದೇ ಕಡೆ ದಿಟ್ಟಿಸಿ ನೋಡುವುದೂ ಹೀಗೆಯೇ. "ಬೀಗ, ಬೀಗ, ಬೀಗ" ಎಂದು ಒಂದು ನಿಮಿಷ ಬಾಯಿಬಿಟ್ಟು ಹೇಳಿ ನೋಡಿ. ಆ ಪದಕ್ಕೆ ಅರ್ಥವೇ ಇಲ್ಲದ ಹಾಗೆ ಅನ್ನಿಸತೊಡಗುತ್ತದೆ. ಬರ್ನರನ್ನು ದಿಟ್ಟಿಸಿದರೂ ಅದೇ ಆಗುತ್ತದೆ. ಆರಿದೆ ಎಂದು ಕಣ್ಣಿಗೆ ಕಾಣುತ್ತದೆ, "ಹೌದು, ಆರಿದೆ" ಅನ್ನುವ ಭಾವ ಮಾತ್ರ ಬರುವುದಿಲ್ಲ.

ನೋಡಿದ ಮೇಲೆ ಸಮಾಧಾನ ಆಗುತ್ತದಲ್ಲ. ನೋಡಿದರೆ ಏನು ತಪ್ಪು?

ಸಮಾಧಾನ ಆಗುತ್ತದೆ ಅನ್ನುವುದೇ ತೊಂದರೆ. ಎದೆ ಡವಡವ ಅನ್ನುತ್ತಿರುವಾಗ ಒಳಗೆ ಹೋಗಿ ರೆಗ್ಯುಲೇಟರ್ ಮುಟ್ಟಿದರೆ ಕ್ಷಣದಲ್ಲಿ ಹಗುರ. ಮನಸ್ಸು ಅದನ್ನು ಕಲಿತುಬಿಡುತ್ತದೆ: ಹೆದರಿಕೆ ಬಂದರೆ ನೋಡು, ಹೋಗುತ್ತದೆ. ಮಾರನೇ ದಿನ ಹೆದರಿಕೆ ಇನ್ನೂ ಬೇಗ ಬರುತ್ತದೆ. ಜೊತೆಗೆ ಇನ್ನೊಂದು ತಪ್ಪು ಲೆಕ್ಕವೂ ಕೂಡುತ್ತದೆ. ಮನೆ ಸುಟ್ಟುಹೋಗಲಿಲ್ಲ ಅಲ್ವಾ, ಅದು ನಾನು ನೋಡಿದ್ದಕ್ಕೇ ಎಂದು. ನೋಡದೇ ಇದ್ದರೂ ಏನೂ ಆಗುತ್ತಿರಲಿಲ್ಲ ಎಂದು ಗೊತ್ತಾಗುವ ಅವಕಾಶವೇ ಸಿಗುವುದಿಲ್ಲ.

ನೋಡದೆ ಇದ್ದರೆ ಆ ತಳಮಳ ಏರುತ್ತಲೇ ಹೋಗುವುದಿಲ್ಲವಾ?

ಇಲ್ಲ. ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ. ಇದನ್ನು ನಂಬಿ ಎಂದು ಯಾರಿಗೂ ಹೇಳುವುದಿಲ್ಲ, ಗಡಿಯಾರ ಇಟ್ಟುಕೊಂಡು ನೋಡಿ ಎನ್ನುತ್ತೇನೆ.

1966ರಲ್ಲಿ ಲಂಡನ್ನಿನ ವಿಕ್ಟರ್ ಮೆಯರ್ ಎಂಬ ಮನಶ್ಶಾಸ್ತ್ರಜ್ಞರು ಗೀಳಿನಿಂದ ತೀರಾ ಬಳಲುತ್ತಿದ್ದ ಇಬ್ಬರಿಗೆ ಒಂದು ಹೊಸ ರೀತಿಯ ಚಿಕಿತ್ಸೆ ಕೊಟ್ಟದ್ದನ್ನು ಬರೆದರು. ಹೆದರಿಕೆ ಹುಟ್ಟಿಸುವ ವಸ್ತುವಿನ ಹತ್ತಿರ ಕರೆದೊಯ್ಯುವುದು, ಆದರೆ ಹೆದರಿಕೆ ಕಳೆಯಲು ಅವರು ಪದೇ ಪದೇ ಮಾಡುತ್ತಿದ್ದ ಆಚರಣೆಯನ್ನು ಮಾಡಗೊಡದಿರುವುದು. ಅಲ್ಲಿಯವರೆಗೆ ಯಾವುದಕ್ಕೂ ಬಗ್ಗದ ಗೀಳು ಸಡಿಲವಾಯಿತು. ಹತ್ತು ವರ್ಷದ ನಂತರ ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಜೊತೆಯವರು, ನೋಡುವ ಹಂಬಲ ಬಂದಾಗ ನೋಡದೆ ಕೂತರೆ ಅದು ಎಷ್ಟು ಹೊತ್ತಿಗೆ ತಾನಾಗಿ ಇಳಿಯುತ್ತದೆ ಎಂದು ಅಳೆದರು. ಮೊದಲ ಒಂದು ಗಂಟೆಯಲ್ಲೇ ಬಹಳಷ್ಟು ಇಳಿದಿತ್ತು. ಮೂರು ಗಂಟೆ ಹೊತ್ತಿಗೆ ಉಳಿದದ್ದು ಅಲ್ಪಸ್ವಲ್ಪ.

ಈ ಚಿಕಿತ್ಸೆಗೆ ಇಂದು ಇಆರ್‌ಪಿ ಎನ್ನುತ್ತಾರೆ. ಎದುರಿಸುವುದು ಮತ್ತು ಆಚರಣೆ ತಡೆಯುವುದು. ಎರಡೂ ಸೇರಿದರೇ ಚಿಕಿತ್ಸೆ. ಎದುರಿಸಿ ಆಮೇಲೆ ನೋಡಿದರೆ ಅದು ಚಿಕಿತ್ಸೆಯಲ್ಲ, ದಿನವೂ ನಡೆಯುತ್ತಿರುವುದೇ ಅದು.

ಇದು ನಿಜಕ್ಕೂ ಹೇಗೆ ನಡೆಯುತ್ತದೆ? ಒಂದು ಉದಾಹರಣೆ ಹೇಳಿ.

ಸಿರಸಿ ಪೇಟೆಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿಯ ಒಬ್ಬ ಅಕ್ಕನಿಗೆ ವಯಸ್ಸು 43. ಪೇಟೆಯಲ್ಲಿ ಲೆಕ್ಕ ಬರೆಯುವ ಕೆಲಸ. ಬಸ್ಸು 9.10ಕ್ಕೆ. ಅವರು 8.15ಕ್ಕೇ ಹೊರಡುವ ತಯಾರಿ ಶುರು ಮಾಡುತ್ತಿದ್ದರು. ತಯಾರಿ ಅಂದರೆ ನೋಡುವುದು.

ಗ್ಯಾಸಿನ ಎರಡು ಗುಂಡಿಗಳನ್ನು ನಾಲ್ಕು ನಾಲ್ಕು ಸಲ ಮುಟ್ಟಿ ಎಣಿಸುವುದು. ಬರ್ನರ್ ಮೇಲೆ ಅಂಗೈ ಹಿಡಿದು ಬಿಸಿ ಇದೆಯಾ ನೋಡುವುದು. ರೆಗ್ಯುಲೇಟರ್ ಹತ್ತಿರ ಕಿವಿ ಇಟ್ಟು ಸುಯ್ ಅನ್ನುತ್ತಿದೆಯಾ ಕೇಳುವುದು. ನಂತರ ಬಚ್ಚಲ ಒಲೆ. ಹಂಡೆಯ ಕೆಳಗೆ ಕೆಂಡ ಇರುತ್ತದೆ, ಅದಕ್ಕೆ ನೀರು ಚಿಮುಕಿಸುವುದು, ಬೂದಿ ಕೆದಕುವುದು, ಮತ್ತೆ ನೀರು ಚಿಮುಕಿಸುವುದು. ಆಮೇಲೆ ಹಿತ್ತಲ ಬಾಗಿಲ ಚಿಲಕ, ಕೊನೆಗೆ ಮುಂಬಾಗಿಲ ಬೀಗ. ಬೀಗವನ್ನು ಎಂಟು ಸಲ ಎಳೆಯುತ್ತಿದ್ದರು. ನನ್ನ ಹತ್ತಿರ ಬಂದ ದಿನ ಬಲಗೈ ತೋರುಬೆರಳ ಒಳಗೆ ಒಂದು ಜಡ್ಡು ಇತ್ತು, ಬೀಗದ ಕೊಂಡಿ ಕೂರುವ ಜಾಗದಲ್ಲಿ.

ದಣಪೆ ದಾಟಿದ ಮೇಲೆ ಒಂದೆರಡು ಸಲ ವಾಪಸ್. ಬಸ್ ಸ್ಟಾಪಿನಿಂದ ತೋಟದಲ್ಲಿರುವ ಗಂಡನಿಗೆ ಫೋನು: "ಒಂದ್ಸಲ ಮನೆಗೆ ಹೋಗಿ ನೋಡಿ." ಅವರು ಮೊದಲು ಹೋಗಿ ನೋಡುತ್ತಿದ್ದರು. ಆಮೇಲಾಮೇಲೆ ಹೋಗದೆಯೇ "ಬಂದ್ ಆಜು ಮಾರಾಯ್ತಿ, ನಡೆ" ಎನ್ನುತ್ತಿದ್ದರು. ಅದು ಅಕ್ಕನಿಗೆ ಗೊತ್ತಾಗಿ ಮೂರು ಸಲ ಕೇಳುತ್ತಿದ್ದರು.

ಶುರುವಾದದ್ದು ಎರಡು ವರ್ಷದ ಹಿಂದೆ, ಪಕ್ಕದೂರಿನ ಒಂದು ಕೊಟ್ಟಿಗೆಗೆ ಬೆಂಕಿ ಬಿದ್ದ ಸುದ್ದಿ ಕೇಳಿದ ಮೇಲೆ. ಇವರ ಅಟ್ಟದಲ್ಲಿ ಆ ವರ್ಷದ ಚಾಲಿ ಅಡಿಕೆ ಇತ್ತು. "ನನ್ನ ಒಂದು ತಪ್ಪಿಂದ ಎಲ್ಲರ ವರ್ಷದ ಅನ್ನ ಹೋದರೆ?" ಎಂದರು. ಬೆಂಕಿಗಿಂತ ಜಾಸ್ತಿ ಆ "ನನ್ನಿಂದ" ಅನ್ನುವುದೇ ಕಾಡುತ್ತಿತ್ತು. ನೋಡುವ ಗೀಳು ಇರುವವರಲ್ಲಿ ಇದು ಬಹಳ ಸಾಮಾನ್ಯ. ತಾನು ತಂಗುವ ಹೋಟೆಲ್ ಕೋಣೆಯ ಬೀಗ ಅವರನ್ನು ಅಷ್ಟು ಕಾಡುವುದಿಲ್ಲ, ಜವಾಬ್ದಾರಿ ತಮ್ಮದಾದ ಕಡೆ ಕಾಡುತ್ತದೆ. ಗಂಡ ಕೊನೆಗೆ ಮನೆ ಬಿಡುವ ದಿನ ಈ ಅಕ್ಕ ಒಂದು ಸಲವೂ ನೋಡುತ್ತಿರಲಿಲ್ಲ!

ಮೊದಲು ಒಂದು ವಾರ ಏನೂ ಬದಲಿಸಬೇಡಿ, ಬರೆದಿಡಿ ಎಂದೆ. ಸರಾಸರಿ 50 ನಿಮಿಷ ಹೋಗುತ್ತಿತ್ತು. ಆಮೇಲೆ ಇಬ್ಬರೂ ಕೂತು ಒಂದು ಮೆಟ್ಟಿಲುಪಟ್ಟಿ ಮಾಡಿದೆವು. ನೋಡದೆ ಬಿಟ್ಟರೆ ತಳಮಳ ನೂರಕ್ಕೆ ಎಷ್ಟು ಎಂದು ಅವರೇ ಅಂಕ ಕೊಟ್ಟರು. ಹಿತ್ತಲ ಚಿಲಕ ಒಮ್ಮೆ ಹಾಕಿ ತಿರುಗಿ ನೋಡದೆ ಬರುವುದಕ್ಕೆ 30. ಮುಂಬಾಗಿಲ ಬೀಗ ಹಾಕಿ, ಒಮ್ಮೆ ಎಳೆದು ಹೊರಡುವುದಕ್ಕೆ 50. ಚಹಾ ಕಾಯಿಸಿದ ಕೂಡಲೇ ಗ್ಯಾಸ್ ಬಂದ್ ಮಾಡಿ ಹೊರಟುಬಿಡುವುದಕ್ಕೆ 70. ಬಚ್ಚಲ ಒಲೆಯಲ್ಲಿ ಕೆಂಡ ಇರುವಾಗಲೇ ಪೇಟೆಗೆ ಹೋಗುವುದಕ್ಕೆ 85. ಮನೆಯವರೆಲ್ಲ ಗೋಕರ್ಣಕ್ಕೆ ಹೋಗಿ ಒಂದು ರಾತ್ರಿ ಉಳಿಯುವುದಕ್ಕೆ 95.

ಚಿಲಕ, ಬೀಗ ಎರಡೂ ಮೂರು ವಾರದಲ್ಲಿ ಮುಗಿದವು. ಗ್ಯಾಸಿನ ಮೊದಲ ದಿನವನ್ನು ಮಾತ್ರ ವಿವರವಾಗಿ ಹೇಳುತ್ತೇನೆ. ಅವತ್ತು ನಾನೂ ಅವರ ಮನೆಗೆ ಹೋಗಿದ್ದೆ.

ಅಕ್ಕ ಚಹಾ ಮಾಡಿದರು. ಪಾತ್ರೆ ಇಳಿಸಿ ಗುಂಡಿ ತಿರುಗಿಸಿದರು, ರೆಗ್ಯುಲೇಟರ್ ತಿರುಗಿಸಿದರು. ಒಂದು ಸಲ, ಮಾಮೂಲಿ ವೇಗದಲ್ಲಿ. ಮುಟ್ಟುವಂತಿಲ್ಲ, ಎಣಿಸುವಂತಿಲ್ಲ, ಕಿವಿ ಇಡುವಂತಿಲ್ಲ. ಹೊರಡುವ ಮೊದಲು ಒಂದು ಚೀಟಿಯಲ್ಲಿ ಏನಾಗುತ್ತದೆ ಅನ್ನಿಸುತ್ತಿದೆ ಎಂದು ಬರೆಯಲು ಹೇಳಿದೆ. "ಗ್ಯಾಸ್ ಸೋರಿ ಒಂದು ಗಂಟೆಯಲ್ಲಿ ಅಡುಗೆಮನೆ ತುಂಬುತ್ತದೆ. ನನಗೆ ತಡೆಯಲು ಆಗುವುದಿಲ್ಲ, ತಲೆತಿರುಗಿ ಬೀಳುತ್ತೇನೆ" ಎಂದು ಬರೆದರು. ಚೀಟಿ ಮಡಿಸಿ ನನ್ನ ಕೈಗೆ ಕೊಟ್ಟರು. ಬೀಗ ಹಾಕಿ ತೋಟದ ದಾರಿಯಲ್ಲಿ ನಡೆದೆವು.

ದಣಪೆ ಹತ್ತಿರ 70. ಹತ್ತು ನಿಮಿಷಕ್ಕೆ 85, ಕೈ ಬೆವರಿತ್ತು. "ಬಂದ್ ಆಗಿದೆ ಅಲ್ವಾ? ನೀವೂ ನೋಡಿದ್ರಲ್ಲ?" ಎಂದು ಕೇಳಿದರು. ನಾನು "ಆಗಿದೆ" ಎಂದು ಹೇಳಲಿಲ್ಲ. ಹೇಳಿದ್ದರೆ ಅದೇ ಇನ್ನೊಂದು ಸಲ ನೋಡಿದ ಹಾಗೆ. "ಇರಬಹುದು, ಇಲ್ಲದೆಯೂ ಇರಬಹುದು. ಈಗ ಎಷ್ಟಿದೆ?" ಎಂದೆ. ಅವರಿಗೆ ಸಿಟ್ಟು ಬಂತು. 25 ನಿಮಿಷಕ್ಕೂ 80ರಲ್ಲೇ ನಿಂತಿತ್ತು. ಹಳ್ಳದ ಹತ್ತಿರ ಕಲ್ಲಿನ ಮೇಲೆ ಕೂತೆವು. ಅಲ್ಲಿ ಬೇರೆ ವಿಷಯ ಎತ್ತಲಿಲ್ಲ. ಮನಸ್ಸು ಬೇರೆ ಕಡೆ ತಿರುಗಿಸಿದರೆ ಎದುರಿಸಿದ ಹಾಗಾಗುವುದಿಲ್ಲ. "ಗ್ಯಾಸ್ ಹಾಗೇ ಉಳಿದಿರಬಹುದು. ಉಳಿದಿದ್ದರೂ ನಾನೀಗ ನೋಡಲು ಹೋಗುವುದಿಲ್ಲ" ಎಂದು ಅವರೇ ಆಗಾಗ ಹೇಳಿಕೊಂಡರು. 45 ನಿಮಿಷಕ್ಕೆ 55. ಒಂದು ಗಂಟೆ ಐದು ನಿಮಿಷಕ್ಕೆ 30. ಅಷ್ಟರಲ್ಲಿ ಅವರೇ ಈ ವರ್ಷದ ಕೊಳೆರೋಗದ ಮಾತು ಶುರು ಮಾಡಿದ್ದರು.

ವಾಪಸ್ ಬಂದು ಚೀಟಿ ಬಿಡಿಸಿದೆವು. ಎರಡನೇ ವಾಕ್ಯದ ಮೇಲೆ ಬೆರಳಿಟ್ಟು "ಬೀಳಲಿಲ್ಲ" ಎಂದರು. ಅಡುಗೆಮನೆಗೆ ನೇರ ಹೋಗಿ ರೆಗ್ಯುಲೇಟರ್ ನೋಡುವುದೂ ಬೇಡ ಎಂದಿದ್ದೆ. ರಾತ್ರಿ ಅಡುಗೆಗೆ ಹೋದಾಗಲೇ ಹೋಗಿದ್ದು.

ಅದೇ ಕೆಲಸ ದಿನವೂ ಮಾಡಿದರು. ನಾಲ್ಕನೇ ದಿನ ಶುರುವಿನಲ್ಲೇ 60, ಇಳಿಯಲು 35 ನಿಮಿಷ. ಎರಡು ವಾರಕ್ಕೆ 35. ನೇರವಾಗಿ ಇಳಿಯಲಿಲ್ಲ, ಒಂಬತ್ತನೇ ದಿನ ಜೋರು ಮಳೆಗೆ ಕರೆಂಟ್ ಹೋಗಿತ್ತು, ಅವತ್ತು ದಣಪೆಯಿಂದ ವಾಪಸ್ ಓಡಿ ನೋಡಿದ್ದರು. ಅದಕ್ಕೆ ಮೊದಲೇ ಒಂದು ಉಪಾಯ ಹೇಳಿಟ್ಟಿದ್ದೆ: ಸೋತು ನೋಡಿಬಿಟ್ಟರೆ ಅಲ್ಲಿಗೇ ಬಿಡಬೇಡಿ. ಗ್ಯಾಸ್ ಮತ್ತೆ ಹಚ್ಚಿ, ಆರಿಸಿ, ಒಂದೇ ಸಲ ಬಂದ್ ಮಾಡಿ, ನೋಡದೆ ಮತ್ತೆ ಹೊರಡಿ. ನೋಡಿ ಸಿಕ್ಕಿದ ಸಮಾಧಾನವನ್ನು ಅಲ್ಲೇ ಕೆಡಿಸಬೇಕು. ಅವರು ಕೆಡಿಸಿದರು. ಬಸ್ಸು ತಪ್ಪಿತು, ಮುಂದಿನ ಬಸ್ಸಿಗೆ ಹೋದರು.

ಬಚ್ಚಲ ಒಲೆಗೆ ಬಂದಾಗ ಒಂದು ಪ್ರಶ್ನೆ ಎದ್ದಿತು. ಕೆಂಡ ಇರುವುದು ನಿಜ ತಾನೇ? ಹೌದು. ಅದಕ್ಕೇ ಅತ್ತೆಯವರನ್ನು ಕೇಳಿದೆವು, ನೀವು ಏನು ಮಾಡುತ್ತಿದ್ದಿರಿ ಎಂದು. ಕೊಳ್ಳಿ ಒಳಗೆ ತಳ್ಳುವುದು, ಒಲೆ ಬಾಯಿಯ ಮುಂದಿನ ಸೌದೆ, ಅಡಿಕೆ ಸಿಪ್ಪೆ ದೂರ ಸರಿಸುವುದು, ಅಷ್ಟೇ. ಅದನ್ನೇ ನಿಯಮ ಮಾಡಿಕೊಂಡೆವು, ಒಂದು ಸಲ. ನೀರು ಚಿಮುಕಿಸುವುದು, ಬೂದಿ ಕೆದಕುವುದು ಬಂದ್.

ಹನ್ನೆರಡು ವಾರದ ಹೊತ್ತಿಗೆ ಬೆಳಗಿನ 50 ನಿಮಿಷ 5ಕ್ಕೆ ಬಂದಿತ್ತು.

ಹೊರಡುವಾಗ ಫೋನಲ್ಲಿ ಬೀಗದ ಫೋಟೋ ತೆಗೆದುಕೊಂಡರೆ ಸಾಕಲ್ಲ?

ಕಾರವಾರದಲ್ಲಿ ಅಂಗಡಿ ಇಟ್ಟಿರುವ ಒಬ್ಬರು ಇದನ್ನೇ ಮಾಡುತ್ತಿದ್ದರು. ಫೋನ್ ಗ್ಯಾಲರಿ ತೆಗೆದು ತೋರಿಸಿದರು. ಬೆರಳಲ್ಲಿ ಸರಿಸಿದಷ್ಟೂ ಶಟರಿನ ಬೀಗ. ಮಧ್ಯೆ ಎಲ್ಲೋ ಮಗಳ ಹುಟ್ಟುಹಬ್ಬದ ಎರಡು ಫೋಟೋ, ಮತ್ತೆ ಬೀಗ. ಮೊದಲು ಒಂದು ಫೋಟೋ ಸಾಕಾಗುತ್ತಿತ್ತು. ಆಮೇಲೆ "ಇದು ಇವತ್ತಿನದಾ, ನಿನ್ನೆಯದಾ?" ಎಂಬ ಅನುಮಾನ. ಅದಕ್ಕೆ ವೀಡಿಯೋ ಶುರು ಮಾಡಿದರು. ವೀಡಿಯೋ ತೆಗೆದ ಮೇಲೆ ಬೀಗ ಕಳಚಿರಬಹುದಲ್ಲ ಎಂಬ ಅನುಮಾನ ಬಂತು.

ಫೋಟೋ ಅಂದರೆ ಜೇಬಿನಲ್ಲಿ ಇಟ್ಟುಕೊಂಡು ಹೋಗುವ ಬೀಗ, ಎಲ್ಲಿ ಬೇಕಾದರೂ ನೋಡಬಹುದು. ಅದನ್ನೂ ಬಿಡಬೇಕು. "ಹಾಕಿದೆ, ಹಾಕಿದೆ" ಎಂದು ಬಾಯಲ್ಲಿ ಹೇಳಿಕೊಳ್ಳುವುದು, ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿ ಬೀಗ ಹಾಕಿದ್ದನ್ನು ಮೊದಲಿಂದ ಮನಸ್ಸಿನಲ್ಲೇ ಓಡಿಸುವುದು, ಇವೂ ನೋಡುವುದೇ. ಕೊನೆಯದು ಹೊರಗೆ ಕಾಣುವುದಿಲ್ಲ, ಅದಕ್ಕೇ ಅದನ್ನು ಯಾರೂ ಹೇಳುವುದೂ ಇಲ್ಲ. ನಾನೇ ಕೇಳಬೇಕಾಗುತ್ತದೆ.

ಮಾಡಿ ನೋಡಿದೆ, ತಳಮಳ ಕಡಿಮೆಯೇ ಆಗಲಿಲ್ಲ. ಎಲ್ಲಿ ತಪ್ಪಿತು?

ಹೆಚ್ಚಾಗಿ ನಾನು ಕಾಣುವುದು ಎರಡು. ಒಂದು, ಮೇಲೆ ಹೇಳಿದ ಹಾಗೆ ಮನಸ್ಸಿನ ಒಳಗೆ ನೋಡುವುದು ನಡೆಯುತ್ತಲೇ ಇರುತ್ತದೆ. ಇನ್ನೊಂದು, ಜವಾಬ್ದಾರಿಯನ್ನು ಮೆಲ್ಲಗೆ ಬೇರೆಯವರ ಮೇಲೆ ಹಾಕಿರುತ್ತಾರೆ. "ಗಂಡ ನೋಡ್ತಾ ನಿಂತಿದ್ದರು, ಏನಾದರೂ ಆದರೆ ಅವರೇ ಹೇಳ್ತಿದ್ದರು" ಎಂದು ಒಳಗೊಳಗೆ ಅಂದುಕೊಂಡಿರುತ್ತಾರೆ. ಆಗ ಒಂಟಿಯಾಗಿ ಹೊರಟ ದಿನ ಎಲ್ಲ ಮೊದಲಿನ ಹಾಗೆಯೇ. ಆದ್ದರಿಂದ ಪ್ರತಿ ಮೆಟ್ಟಿಲನ್ನೂ ಕೊನೆಗೆ ಒಬ್ಬರೇ ಮಾಡಬೇಕು.

ಇನ್ನೊಂದು ಮಾತು. ಒಂದೊಂದು ದಿನ ತಳಮಳ ಇಳಿಯದೆಯೂ ಇರಬಹುದು. ಆ ದಿನ ವ್ಯರ್ಥ ಅಲ್ಲ. ಅಷ್ಟು ತಳಮಳ ಇಟ್ಟುಕೊಂಡೇ ಆಫೀಸಿನಲ್ಲಿ ಲೆಕ್ಕ ಬರೆದು ಬಂದಿರಿ ಎಂದಾದರೆ, ಚೀಟಿಯಲ್ಲಿ "ತಡೆಯಲು ಆಗುವುದಿಲ್ಲ" ಎಂದು ಬರೆದದ್ದು ಸುಳ್ಳಾಯಿತು.

ನಿಜವಾಗಿಯೂ ಗ್ಯಾಸ್ ತೆರೆದೇ ಇದ್ದರೆ? ಚಿಕಿತ್ಸೆ ಹೆಸರಲ್ಲಿ ಅಪಾಯ ಅಲ್ವಾ?

ಇಆರ್‌ಪಿಯಲ್ಲಿ ಯಾರಿಗೂ ಗ್ಯಾಸ್ ತೆರೆದಿಟ್ಟು ಹೋಗಿ ಎನ್ನುವುದಿಲ್ಲ. ಬಂದ್ ಮಾಡುವುದು ಇದ್ದೇ ಇದೆ, ಒಂದು ಸಲ. ರಾತ್ರಿ ಮತ್ತು ಮನೆ ಬಿಡುವಾಗ ರೆಗ್ಯುಲೇಟರ್ ಬಂದ್ ಮಾಡುವುದು ಒಳ್ಳೆಯ ಅಭ್ಯಾಸ, ಅದನ್ನು ಬಿಡಿಸುವುದಿಲ್ಲ. ಬಂದ್ ಮಾಡಿದ್ದನ್ನು ಮತ್ತೆ ನೋಡುವುದನ್ನು ಬಿಡಿಸುತ್ತೇವೆ.

ಅಡುಗೆ ಗ್ಯಾಸಿಗೆ ತಾನಾಗಿ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ಕೆಟ್ಟ ವಾಸನೆಯ ವಸ್ತು ಸೇರಿಸಿರುತ್ತಾರೆ. ಮೂಗಿಗೆ ಆ ವಾಸನೆ ನಿಜವಾಗಿ ಬಡಿದರೆ ಅದು ಗೀಳಲ್ಲ. ಸ್ವಿಚ್ ಮುಟ್ಟಬೇಡಿ, ಬೆಂಕಿ ಕಡ್ಡಿ ಗೀರಬೇಡಿ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. "ವಾಸನೆ ಬರಬಹುದೇನೋ" ಎಂದು ಮೂಗೆಳೆದು ಹುಡುಕುತ್ತಿದ್ದರೆ ಮಾತ್ರ ಅದು ಗೀಳು.

ನಮ್ಮ ಅಮ್ಮನಿಗೆ 72. ಈಗ ಹೊಸದಾಗಿ ಶುರುವಾಗಿದೆ. ಇದೂ ಅದೇನಾ?

ಮೊದಲು ಒಂದು ವಿಷಯ ಗಮನಿಸಿ. ಅಮ್ಮ ನೋಡಲು ಹೋದಾಗ ಗ್ಯಾಸ್ ಬಂದ್ ಆಗಿಯೇ ಇರುತ್ತದಾ, ಅಥವಾ ನಿಜಕ್ಕೂ ಹಾಲು ಸೀದಿರುತ್ತದಾ? ಗೀಳಿನಲ್ಲಿ ಯಾವಾಗ ನೋಡಿದರೂ ಬಂದ್ ಆಗಿಯೇ ಇರುತ್ತದೆ. ನಿಜವಾಗಿಯೂ ಮರೆತು ಬಿಡುತ್ತಿದ್ದರೆ, ಹೇಳಿದ್ದನ್ನೇ ಹೇಳುತ್ತಿದ್ದರೆ, ಅದು ಮರೆವಿನ ಕಾಯಿಲೆ ಇರಬಹುದು. ಆಗ ಈ ಚಿಕಿತ್ಸೆ ಶುರು ಮಾಡಬೇಡಿ, ನೋಡುವುದನ್ನು ತಡೆಯಬೇಡಿ. ಮೊದಲು ವೈದ್ಯರಿಗೆ ತೋರಿಸಿ.

ಮನೆಯವರು ಏನು ಮಾಡಬೇಕು? ಕೇಳಿದರೆ "ಹಾಕಿದೆ" ಎಂದು ಹೇಳುವುದೂ ತಪ್ಪಾ?

ಪ್ರೀತಿಯಿಂದಲೇ ಹೇಳುತ್ತೀರಿ, ಗೊತ್ತು. ಆದರೆ ಆ ಉತ್ತರ ಅರ್ಧ ಗಂಟೆ ಬಾಳುತ್ತದೆ, ಆಮೇಲೆ ಇನ್ನೊಂದು ಬೇಕು. ಬೈಯುವುದು, "ಹುಚ್ಚಾ ನಿನಗೆ?" ಎನ್ನುವುದು ಇನ್ನೂ ಕೆಟ್ಟದ್ದು. ಅದರಿಂದ ಅವರು ಕದ್ದು ನೋಡಲು ಕಲಿಯುತ್ತಾರೆ, ಅಷ್ಟೇ.

ಒಂದೇ ದಿನ ಇದ್ದಕ್ಕಿದ್ದಂತೆ ಉತ್ತರ ನಿಲ್ಲಿಸುವುದೂ ಬೇಡ. ಇಬ್ಬರೂ ಸಮಾಧಾನವಾಗಿ ಇರುವ ಹೊತ್ತಿನಲ್ಲಿ ಕೂತು ಮಾತಾಡಿಕೊಳ್ಳಿ. ಆ ಅಕ್ಕನ ಗಂಡನಿಗೆ ಒಂದು ಮಾತು ಕಟ್ಟಿಕೊಟ್ಟೆವು, ಅದನ್ನು ಆರಿಸಿದ್ದು ಅಕ್ಕನೇ: "ಇದು ಗೀಳಿನ ಪ್ರಶ್ನೆ ಅನ್ನಿಸ್ತದೆ. ನಾನು ಉತ್ತರ ಹೇಳುವುದಿಲ್ಲ. ಫೋನ್ ಇಡಬೇಡ, ಮಾತಾಡ್ತಾ ಇರೋಣ." ಮೊದಲ ವಾರ ಅವರಿಗೇ ಹೆಚ್ಚು ಕಷ್ಟವಾಯಿತು. ಹೆಂಡತಿ ಅಳುವುದು ಕೇಳಿಸುತ್ತಿತ್ತು, ಮನೆ ಕೂಗಳತೆಯಲ್ಲಿತ್ತು, ಹೋಗಿ ನೋಡಿ ಬಂದರೆ ಎರಡು ನಿಮಿಷದ ಕೆಲಸ.

ಮಾತ್ರೆ ಬೇಕಾ?

ಎಲ್ಲರಿಗೂ ಬೇಡ. ಗೀಳು ಜೋರಾಗಿದ್ದರೆ, ಜೊತೆಗೆ ಖಿನ್ನತೆ ಇದ್ದರೆ, ಮೆಟ್ಟಿಲುಪಟ್ಟಿಯ ಮೊದಲ ಮೆಟ್ಟಿಲೂ ಹತ್ತಲಾಗದಿದ್ದರೆ ಮನೋವೈದ್ಯರು ಕೊಡುತ್ತಾರೆ. ಫ್ಲುಯಾಕ್ಸೆಟಿನ್, ಸರ್ಟ್ರಾಲಿನ್, ಫ್ಲುವಾಕ್ಸಮಿನ್ ಇಂಥವು. ಗೀಳಿಗೆ ಇವು ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಬೇಕಾಗುವುದುಂಟು, ಪರಿಣಾಮ ಸರಿಯಾಗಿ ತಿಳಿಯಲು 10ರಿಂದ 12 ವಾರ ಹಿಡಿಯುತ್ತದೆ. ಮೂರು ವಾರಕ್ಕೆ "ಇದರಿಂದ ಏನೂ ಆಗಲಿಲ್ಲ" ಎಂದು ಬಿಟ್ಟುಬಿಡುವವರೇ ಜಾಸ್ತಿ. ಹಾಗೆ ತಾವಾಗಿ ನಿಲ್ಲಿಸಬೇಡಿ. ಮಾತ್ರೆ ತೆಗೆದುಕೊಳ್ಳುತ್ತಾ ಇಆರ್‌ಪಿ ಮಾಡಬಹುದು.

ನಮ್ಮ ಜಿಲ್ಲೆಯಲ್ಲಿ ಎಲ್ಲಿ ಹೋಗಬೇಕು?

ಫೋನಲ್ಲಿ ಶುರು ಮಾಡುವುದಾದರೆ ಟೆಲಿ ಮಾನಸ್ 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕಾರವಾರದ ಕಡೆಯವರು ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಸಿರಸಿ, ಯಲ್ಲಾಪುರ, ಮುಂಡಗೋಡದವರಿಗೆ ಧಾರವಾಡದ ಡಿಮ್ಹಾನ್ಸ್ ಅಷ್ಟು ದೂರವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೇ ಬೇರೆ ಕ್ಲಿನಿಕ್ ಇದೆ.

ಎಲ್ಲಿಗೆ ಹೋದರೂ "ಇಆರ್‌ಪಿ ಮಾಡಿಸುತ್ತೀರಾ?" ಎಂದು ನೇರ ಕೇಳಿ. ಬರೀ ಸಮಾಧಾನದ ಮಾತು, ಉಸಿರಾಟದ ಅಭ್ಯಾಸ ಇವುಗಳಿಂದ ನೋಡುವ ಗೀಳು ಬಿಡುವುದಿಲ್ಲ. ಒಳ್ಳೆಯವರು ಸಿಕ್ಕರೂ "ಗ್ಯಾಸ್ ಬಂದ್ ಆಗಿದೆ, ಹೆದರಬೇಡಿ" ಎಂದು ದಿನವೂ ಧೈರ್ಯ ಹೇಳುತ್ತಿದ್ದರೆ ಅದೂ ಒಂದು ಆಚರಣೆ ಆಗಿಬಿಡುತ್ತದೆ.

ಪೂರ್ತಿ ಹೋಗುತ್ತದಾ?

ಯೋಚನೆ ಬರುವುದು ಪೂರ್ತಿ ನಿಲ್ಲುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಿದ್ದೆಗೆಟ್ಟ ವಾರ, ಮನೆಯಲ್ಲಿ ಮದುವೆ, ಯಾರದೋ ಸಾವು, ಇಂಥ ಹೊತ್ತಿನಲ್ಲಿ ಮತ್ತೆ ತಲೆ ಎತ್ತುತ್ತದೆ. ಆಗ ಹಳೇ ಮೆಟ್ಟಿಲುಪಟ್ಟಿ ತೆಗೆದು ಎರಡು ವಾರ ಮತ್ತೆ ಮಾಡಿದರೆ ಸಾಮಾನ್ಯವಾಗಿ ಹಿಡಿತಕ್ಕೆ ಬರುತ್ತದೆ. ತಡ ಮಾಡಿದರೆ ಜಾಸ್ತಿ ಹೊತ್ತು ಹಿಡಿಯುತ್ತದೆ.

ಆ ಅಕ್ಕ 95 ಅಂಕದ ಕೊನೆಯ ಮೆಟ್ಟಿಲನ್ನು ದೀಪಾವಳಿ ಕಳೆದ ಮೇಲೆ ಹತ್ತಿದರು. ಸಂಬಂಧಿಕರ ಮನೆಯ ಕಾರ್ಯಕ್ಕೆ ಮನೆಮಂದಿಯೆಲ್ಲ ಗೋಕರ್ಣಕ್ಕೆ ಹೋದರು. ಕೊನೆಗೆ ಬೀಗ ಹಾಕಿದ್ದು ಅಕ್ಕನೇ, ಬೀಗದ ಕೈ ಇಟ್ಟುಕೊಂಡದ್ದೂ ಅವರೇ. ಪಕ್ಕದ ಮನೆಯವರಿಗೆ ನೋಡಿಕೊಳ್ಳಿ ಎಂದು ಹೇಳಿರಲಿಲ್ಲ. ಬಂದ ಮೇಲೆ ನಿದ್ದೆ ಬಂತಾ ಎಂದು ಕೇಳಿದೆ. "ಒಂದೂವರೆ ಗಂಟೆಯವರೆಗೆ ಸಮುದ್ರದ ಸದ್ದು ಕೇಳ್ತಾ ಬಿದ್ದಿದ್ದೆ. ಎರಡು ಸಲ ಫೋನ್ ಕೈಗೆ ತಗೊಂಡೆ, ಇಟ್ಟೆ. ಆಮೇಲೆ ಯಾವಾಗ ನಿದ್ದೆ ಬಂತೋ ಗೊತ್ತಿಲ್ಲ" ಎಂದರು. ಬೆರಳಿನ ಜಡ್ಡು ಆಗಲೇ ಹೋಗಿತ್ತು.